ಮಾತಿಲ್ಲದ ಜೋಗುಳದ ಮಟ್ಟು

ಧಾರವಾಡದ ಒಂದು ಮನೆಯಿಂದ ನ್ಯೂ ಜೆರ್ಸಿಗೆ ಹೋದ ಆ ಧ್ವನಿಸಂದೇಶ ಎರಡು ನಿಮಿಷಕ್ಕೂ ಕಡಿಮೆಯದು. ಕಳಿಸಿದವರು ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತರಾದ ಒಬ್ಬ ಅಧ್ಯಾಪಕಿ. ಕೇಳಬೇಕಾದವರು ಅವರ ತಾಯಿಯ ತಂಗಿ. ಎಂಬತ್ತಮೂರು ವರ್ಷದ ಆ ಚಿಗವ್ವ ಮಗನ ಮನೆಯಲ್ಲಿ ನೆಲೆಸಿ ಬಹುಕಾಲವಾಗಿದೆ. ಧಾರವಾಡದಲ್ಲಿ ಆಗ ರಾತ್ರಿ; ಅಲ್ಲಿ ಇನ್ನೂ ಮಧ್ಯಾಹ್ನ. "ಚಿಗವ್ವಾ, ಅವ್ವ ನನ್ನ ಮಲಗಸೂ ಮುಂದ ಒಂದು ಹಾಡ ಹಾಡತಿದ್ಲಲ್ರೀ, ಅದರ ಮಾತು ಒಂದೂ ನೆನಪಿಲ್ಲ. ಧಾಟಿ ಅಷ್ಟ ಉಳದದ. ಕೇಳ್ರಿ, ಇದು ಎಲ್ಲಿಂದ ಬಂತು ಹೇಳ್ರಿ" ಎಂದು ಆರಂಭಿಸಿ, ತುಟಿ ಮುಚ್ಚಿಕೊಂಡು ಆ ಧಾಟಿಯನ್ನು ಮೂರು ಸಲ ಗುನುಗಿ, ಕೊನೆಗೆ ಸ್ವಲ್ಪ ತಡೆದು, "ಕೂಸಿನ್ನ ತೊಟ್ಟಲಾಗ ಹಾಕೂದು ಮುಂದಿನ ವಾರ ಅದರೀ" ಎಂದು ಮುಗಿಸಿದ್ದರು.

ಆ ಕೊನೆಯ ಮಾತಿನಲ್ಲಿ ಪ್ರಶ್ನೆಯ ಕಾರಣವಿತ್ತು. ತಾಯಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಮಗಳಿಗೆ ಮಗಳು ಹುಟ್ಟಿದ್ದಳು. ತೊಟ್ಟಿಲ ಶಾಸ್ತ್ರದ ದಿನ ಮುತ್ತಜ್ಜಿಯ ಹಾಡನ್ನೇ ಹಾಡಬೇಕೆಂಬುದು ಅಧ್ಯಾಪಕಿಯ ಬಯಕೆ. ಆ ಮನೆಯಲ್ಲಿ ತಾಯಿ ಹಾಡುವುದನ್ನು ಕಿವಿಯಾರೆ ಕೇಳಿದವರಲ್ಲಿ ಈಗ ಉಳಿದವರು ಚಿಗವ್ವ ಒಬ್ಬರೇ. ಅವರಾದರೂ ಈಚೆಗೆ ಬೆಳಗಿನ ಮಾತನ್ನು ಸಂಜೆಗೆ ಮರೆಯುತ್ತಾರೆಂದು ಮಗ ಹೇಳಿದ್ದ.

ಮೊದಲ ಉತ್ತರ ಚಿಗವ್ವನದಲ್ಲ, ಅವರ ಮಗನದು. ಆತನಿಗೆ ಕರ್ನಾಟಕ ಸಂಗೀತದ ಪರಿಚಯ ಉಂಟು. "ಅಕ್ಕಾ, ಇದು ನೀಲಾಂಬರಿ" ಎಂದು ಒಂದೇ ಸಾಲು ಬರೆದು ಕಳಿಸಿದ. ಜೋಗುಳವೆಂದೊಡನೆ ನೀಲಾಂಬರಿ ಎನ್ನುವುದು ದಕ್ಷಿಣದ ಕೇಳುಗರ ರೂಢಿ. ಶಂಕರಾಭರಣದಿಂದ ಹುಟ್ಟಿದ ಈ ರಾಗಕ್ಕೂ ನಿದ್ರೆಗೂ ಸಂಬಂಧ ಕಲ್ಪಿಸುವ ನಂಬಿಕೆ ಅಷ್ಟು ಬಲವಾಗಿದೆ. ಆದರೆ ರಾಗವನ್ನು ಗುರುತಿಸಲು ಸ್ವರಗಳಿದ್ದರೆ ಸಾಲದು. ಸ್ವರಗಳು ಒಂದರಿಂದೊಂದಕ್ಕೆ ಸಾಗುವ ಬಗೆ, ಅಂದರೆ ಸಂಚಾರ, ಕಾಣಬೇಕು. ಗುನುಗಿದ ಧಾಟಿಯಾದರೋ ನಾಲ್ಕೈದು ಸ್ವರಗಳ ಆಚೆಗೆ ಏರಿಯೂ ಇಲ್ಲ, ಇಳಿದೂ ಇಲ್ಲ. ಇಷ್ಟು ಕಿರಿದಾದ ಹರವಿನ ಮೇಲೆ ಯಾವ ರಾಗದ ಹೆಸರನ್ನಾದರೂ ಹೊದಿಸಬಹುದು. ಹೊದಿಸಿದರೂ ಅದು ಧಾಟಿಯ ವರ್ಣನೆಯಾದೀತೇ ಹೊರತು ಅದರ ಮೂಲವಾಗದು. ಶಾಸ್ತ್ರದ ಹೆಸರು ದೊರೆತ ಕ್ಷಣವೇ ವಿಚಾರಣೆ ಮುಗಿಯಿತೆಂದು ತಿಳಿಯುವ ಅಭ್ಯಾಸ ನಮ್ಮ ಜನಪದ ಸಂಗೀತದ ಚರ್ಚೆಗೆ ಒಳ್ಳೆಯದನ್ನೇನೂ ಮಾಡಿಲ್ಲ.

ಅಧ್ಯಾಪಕಿಗೆ ತಮ್ಮದೇ ಒಂದು ಊಹೆ ಇತ್ತು. ತಾಯಿಯ ಹಾಡಿನ ವಹಿ ಅವರ ಬಳಿ ಇದೆ. ಚಿಕ್ಕೋಡಿ ಸೀಮೆಯ ಜೈನ ಒಕ್ಕಲುಮನೆಯ ಹೆಣ್ಣುಮಗಳೊಬ್ಬಳು ಬರೆದಿಟ್ಟುಕೊಂಡ ಅಂಥ ವಹಿಗಳಲ್ಲಿ ಆರತಿಯ ಹಾಡು, ಮದುವೆಯ ಹಾಡು, ತೀರ್ಥಂಕರರ ಸ್ತುತಿಗಳ ಜೊತೆಗೆ ತೊಟ್ಟಿಲ ಪದಗಳೂ ಇರುತ್ತವೆ. ಈ ವಹಿಯಲ್ಲಿಯೂ ಮರುದೇವಿ ಆದಿನಾಥನನ್ನು ತೂಗುವ ಒಂದು ಜೋಗುಳವಿದೆ. ಮರೆತ ಮಾತುಗಳು ಇವೇ ಇರಬೇಕೆಂದು ಅವರು ಎಷ್ಟೋ ವರ್ಷಗಳಿಂದ ತಿಳಿದಿದ್ದರು. ಈಗ ಆ ಮಾತುಗಳನ್ನು ಧಾಟಿಗೆ ಕೂಡಿಸಿ ಹಾಡಲು ಹೋದರೆ ಕೂಡಲಿಲ್ಲ. ಪದದ ಪ್ರತಿ ನುಡಿಯ ಕೊನೆಗೆ ಜೋ ಜೋ ಎಂಬ ಪಲ್ಲವಿ ಬರುತ್ತದೆ. ಧಾಟಿಯಲ್ಲಿ ಪಲ್ಲವಿಗೆ ಸ್ಥಳವೇ ಇಲ್ಲ. ಕಣ್ಣಿಟ್ಟು ನೋಡಿದಾಗ ಹಾಡಿನ ತಲೆಯ ಮೇಲೆ ತಾಯಿಯ ಕೈಬರಹದಲ್ಲಿ ಒಂದು ನಾಟಕದ ಪದವನ್ನು ಹೆಸರಿಸಿ "ಎಂಬ ಮಟ್ಟು" ಎಂದು ಬರೆದಿತ್ತು.

ಈ ಎರಡು ಶಬ್ದಗಳ ಮೇಲೆ ಸಂಶೋಧಕರು ಸ್ವಲ್ಪ ನಿಲ್ಲುವುದು ಒಳ್ಳೆಯದು. ಹಳೆಯ ಹಾಡಿನ ಪುಸ್ತಕಗಳಲ್ಲಿ, ಕೈಬರಹದ ವಹಿಗಳಲ್ಲಿ, ಸ್ವರಲಿಪಿಯ ಬದಲಿಗೆ ಕೆಲಸ ಮಾಡುವುದು ಈ "ಮಟ್ಟು" ಅಥವಾ "ಧಾಟಿ" ಎಂಬ ಸೂಚನೆ. ಎಲ್ಲರಿಗೂ ತಿಳಿದ ಒಂದು ಹಾಡನ್ನು ಹೆಸರಿಸಿದರೆ ಸಾಕು, ಹೊಸ ಮಾತು ಹಳೆಯ ಧಾಟಿಯನ್ನು ಏರುತ್ತದೆ. ಹೀಗೆ ಮಾತಿಗೊಂದು ವಂಶ, ಧಾಟಿಗೊಂದು ವಂಶ. ಎರಡೂ ಒಂದು ಮನೆಯಲ್ಲಿ ಕೂಡಿ ಬಾಳುತ್ತವೆಯೇ ಹೊರತು ಒಡಹುಟ್ಟಿದವಲ್ಲ. ಹೆಸರಿಸಿದ ಆ ಹಾಡು ಜನರ ನಾಲಗೆಯಿಂದ ಮರೆಯಾದರೆ ಸೂಚನೆ ಉಳಿದೂ ಮೂಕವಾಗುತ್ತದೆ. ಈ ವಹಿಯ ಸೂಚನೆಯಿಂದ ತಿಳಿದುಬಂದದ್ದು ಒಂದೇ ಸಂಗತಿ: ಆದಿನಾಥನ ತೊಟ್ಟಿಲ ಪದವನ್ನು ತಾಯಿ ಹಾಡಿದ್ದು ಬೇರೆ ಧಾಟಿಯಲ್ಲಿ. ನೆನಪಿನಲ್ಲಿ ಉಳಿದದ್ದು ಅದಲ್ಲ.

ಎರಡು ದಿನ ಬಿಟ್ಟು ಚಿಗವ್ವನ ಧ್ವನಿ ಬಂತು. "ಬಾಯಿ ತೆರದು ಹಾಡ ಮಗಳ. ಹಿಂಗ ತುಟಿ ಮುಚ್ಚಿ ಗುಂಯ್ ಅಂದ್ರ ನನಗೇನ ತಿಳೀತದ? ಆ ಅಂತ ಹಾಡ, ಕೈಯಾಗ ತಾಳ ಬಡಿ." ಮುದುಕಿಯ ಸಿಡುಕೆಂದು ಅದನ್ನು ತಳ್ಳಿಹಾಕುವಂತಿರಲಿಲ್ಲ. ಮುಚ್ಚಿದ ಬಾಯಿಯ ಗುನುಗಿನಲ್ಲಿ ಒಂದು ಸ್ವರ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಯಿತೆಂಬ ಅಂಚು ಮಸುಕಾಗುತ್ತದೆ. ಫೋನು ಮಾತಿಗಾಗಿ ಮಾಡಿದ ಯಂತ್ರ. ಏರಿಳಿತವಿಲ್ಲದ ಸಣ್ಣ ನಾದವನ್ನು ಹಿನ್ನೆಲೆಯ ಗದ್ದಲವೆಂದು ತಿಳಿದು ಅಳಿಸಿಬಿಡುವ ಫೋನುಗಳೂ ಇವೆ. ಮಾತಿಲ್ಲದ ಹಾಡಿನಲ್ಲಿ ಅಳೆಯಲು ಸಿಗುವುದು ಕಾಲ ಮಾತ್ರ. ಆ ಕಾಲವೇ ಅಳಿಸಿಹೋದರೆ ಹಿಡಿಯಲು ಏನೂ ಉಳಿಯದು.

ಅಧ್ಯಾಪಕಿ ನೆಲದ ಮೇಲೆ ಕುಳಿತು, ತೊಡೆಗೆ ಕೈ ಬಡಿಯುತ್ತ, ಬಾಯಿ ತೆರೆದು ಹಾಡಿ ಎರಡನೆಯ ಸಂದೇಶ ಕಳಿಸಿದರು. ಕಳಿಸುವ ಮುನ್ನ ತಾವೇ ಅದನ್ನು ಕೇಳಿದರು. ಆಗ, ತಾವು ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದು ಅಳಿಸಿದ ಒಂದು ಸಂಗತಿ ತಮ್ಮ ಕೈಬಡಿತದಲ್ಲಿಯೇ ಕೇಳಿಸಿತು. ಬಡಿತಗಳು ನಾಲ್ಕು, ಆಮೇಲೆ ಎರಡು, ಒಂದು ಉಸಿರು, ಮತ್ತೆ ನಾಲ್ಕು, ಕೊನೆಗೆ ಮೂರು. ಮೂರು ಸಲ ಹಾಡಿದಾಗಲೂ ಇದೇ ಲೆಕ್ಕ.

ತ್ರಿಪದಿಯ ಲಕ್ಷಣ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಮೂರು ಸಾಲು, ಹನ್ನೊಂದು ಗಣ. ಮೊದಲೆರಡು ಸಾಲುಗಳಲ್ಲಿ ನಾಲ್ಕು ನಾಲ್ಕು, ಕೊನೆಯದರಲ್ಲಿ ಮೂರು. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಿಂದ ಆರಂಭಿಸಿ ಇದನ್ನು ಪಾಠ ಹೇಳುತ್ತೇವೆ. ಆದರೆ ಪಾಠದಲ್ಲಿ ಬಹುಮಟ್ಟಿಗೆ ಬಿಟ್ಟುಹೋಗುವ ಮಾತೊಂದಿದೆ: ತ್ರಿಪದಿಯನ್ನು ಬರೆದಂತೆ ಹಾಡುವುದಿಲ್ಲ. ಮೊದಲ ಸಾಲಿನ ಬೆನ್ನಿಗೆ ಎರಡನೆಯ ಸಾಲಿನ ಮೊದಲ ಎರಡು ಗಣಗಳನ್ನು ಹಾಡಿ ನಿಲ್ಲಿಸುತ್ತಾರೆ. ಉಸಿರು ತೆಗೆದುಕೊಂಡು ಎರಡನೆಯ ಸಾಲನ್ನು ಮೊದಲಿನಿಂದ ಎತ್ತಿ, ಪೂರ್ತಿ ಮಾಡಿ, ಮೂರನೆಯದಕ್ಕೆ ಹೋಗುತ್ತಾರೆ. ಹೀಗೆ ಬರಹದ ಹನ್ನೊಂದು ಗಣ ಹಾಡಿಕೆಯಲ್ಲಿ ಹದಿಮೂರಾಗುತ್ತದೆ, ಮೂರು ಸಾಲು ನಾಲ್ಕಾಗುತ್ತದೆ. ನಾಲ್ಕು, ಎರಡು, ನಾಲ್ಕು, ಮೂರು.

ಸಾಂಗತ್ಯವೂ ನಾಲ್ಕು ಸಾಲಿನದೇ, ಹಾಡುವುದಕ್ಕೆಂದೇ ಇರುವುದು. ರತ್ನಾಕರವರ್ಣಿಯ ಭರತೇಶವೈಭವವನ್ನು ರಾಗವಾಗಿ ಓದುವ ಮನೆಗಳಲ್ಲಿ ಅದರ ಧಾಟಿ ಮಕ್ಕಳ ಕಿವಿಗೆ ಬಿದ್ದಿರುವುದು ಸಹಜ. ಅಧ್ಯಾಪಕಿಗೆ ಆ ಅನುಮಾನವೂ ಬಂತು. ಆದರೆ ಸಾಂಗತ್ಯದ ಲೆಕ್ಕ ನಾಲ್ಕು, ಮೂರು, ನಾಲ್ಕು, ಮೂರು. ಎರಡನೆಯ ಸಾಲೂ ನಾಲ್ಕನೆಯ ಸಾಲೂ ಸಮ. ಹಾಡಿದ ತ್ರಿಪದಿಗೂ ಸಾಂಗತ್ಯಕ್ಕೂ ನಡುವೆ ಇರುವುದು ಒಂದು ಗಣದ ಅಂತರ. ಹಾಡಿಕೆಯ ತ್ರಿಪದಿಯಿಂದಲೇ ಸಾಂಗತ್ಯ ಮೂಡಿತೆಂದು ವಿದ್ವಾಂಸರು ಊಹಿಸಿದ್ದು ಈ ಹತ್ತಿರದ ಹೋಲಿಕೆಯಿಂದ. ಗುನುಗುವಾಗ ಈ ಅಂತರವನ್ನು ಕಾಣುವುದು ಸುಲಭವಲ್ಲ. ಎರಡನೆಯ ತುಂಡಿನ ಕೊನೆಯ ಸ್ವರವನ್ನು ಸ್ವಲ್ಪ ಎಳೆದರೆ ಎರಡು ಗಣ ಮೂರರಂತೆ ಕೇಳಿಸೀತು. ಅಧ್ಯಾಪಕಿ ನಿರ್ಣಯಿಸಿದ್ದು ಎಳೆತದಿಂದಲ್ಲ, ನಿಲುಗಡೆಯಿಂದ. ನಾಲ್ಕನೆಯ ತುಂಡು ಆಧಾರಸ್ವರಕ್ಕೆ ಇಳಿದು ವಿಶ್ರಮಿಸುತ್ತದೆ. ಎರಡನೆಯದು ಮೇಲಿನ ಸ್ವರದಲ್ಲಿಯೇ ನೇತಾಡುತ್ತ ಕಡಿದುಹೋಗುತ್ತದೆ, ಹೇಳಬೇಕಾದ ಮಾತು ಇನ್ನೂ ಇದೆಯೆಂಬಂತೆ. ಸಾಲು ಮುಗಿದುದರ ಲಕ್ಷಣವಲ್ಲ ಅದು. ಅರ್ಧಕ್ಕೆ ಬಿಟ್ಟು ಮತ್ತೆ ಎತ್ತಿಕೊಳ್ಳುವುದರ ಲಕ್ಷಣ. ಮೂರು ಸಲವೂ ಅಲ್ಲಿಯೇ ಕಡಿದುದರಿಂದ ನೆನಪಿನ ತಪ್ಪೆನ್ನುವಂತೆಯೂ ಇರಲಿಲ್ಲ.

ಮಾತು ಹೋಗಿದೆ, ಮಾತು ಕುಳಿತಿದ್ದ ಪೀಠ ಹಾಗೆಯೇ ಇದೆ. ಹಾಡು ತ್ರಿಪದಿ ಎಂಬಷ್ಟು ತಿಳಿಯಿತು. ಆದರೆ ಯಾರ ತ್ರಿಪದಿ?

ಅದಕ್ಕೆ ಚಿಗವ್ವನ ಮೂರನೆಯ ಸಂದೇಶ ಬೇಕಾಯಿತು. ಏಳು ನಿಮಿಷದ ಆ ಸಂದೇಶದಲ್ಲಿ ಅರ್ಧ ಮೌನ. ಹಿಂದೆ ಅಡುಗೆಮನೆಯ ಸದ್ದು, ಮೊಮ್ಮಕ್ಕಳ ಇಂಗ್ಲಿಷು. ನಡುವೆ ಒಮ್ಮೆಲೇ ಮುದುಕಿಯ ಧ್ವನಿ ಸ್ಪಷ್ಟವಾಗುತ್ತದೆ: "ಇದು ನಿಮ್ಮ ಅವ್ವನ ಹಾಡ ಅಲ್ಲ ಮಗಳ. ನಿಮ್ಮ ಅವ್ವಗ ನಿನ್ನ ಎತ್ತಿಕೊಳ್ಳಾಕೂ ಆಗತಿರಲಿಲ್ಲ. ಇದು ಬೀಸೂ ಹಾಡು."

ಅಧ್ಯಾಪಕಿ ಹುಟ್ಟಿದ್ದು 1962ರಲ್ಲಿ. ಹೆರಿಗೆಯ ಬೆನ್ನಿಗೆ ತಾಯಿ ಜ್ವರ ಬಂದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದರು. ಅಕ್ಕನ ಬಾಣಂತನಕ್ಕೆಂದು ಬಂದ ಚಿಗವ್ವನಿಗೆ ಆಗ ಇಪ್ಪತ್ತು ವರ್ಷ. ದೊಡ್ಡ ಮನೆ, ಹತ್ತಾರು ಜನರ ಊಟ. ಊರಿಗೆ ಹಿಟ್ಟಿನ ಗಿರಣಿ ಇನ್ನೂ ಬಂದಿರಲಿಲ್ಲ. ಬೆಳ್ಳಿ ಮೂಡುವ ಹೊತ್ತಿಗೆ ಒಬ್ಬ ಹೆಣ್ಣುಮಗಳು ಬಂದು, ಆ ದಿನದ ರೊಟ್ಟಿಗೆ ಬೇಕಾದ ಜೋಳ ಬೀಸಿಕೊಟ್ಟು ಹೋಗುತ್ತಿದ್ದಳು. ರಾತ್ರಿಯೆಲ್ಲ ಅತ್ತ ಕೂಸನ್ನು ಚಿಗವ್ವ ಅವಳ ತೊಡೆಯ ಮೇಲೆ ಹಾಕಿ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದರು. ಒಂದು ಕಾಲು ಚಾಚಿ, ಒಂದು ಕಾಲು ಮಡಿಸಿ ಕುಳಿತು, ಮಡಿಸಿದ ತೊಡೆಯ ಮೇಲೆ ಕೂಸು, ಬಲಗೈಯಲ್ಲಿ ಕಲ್ಲಿನ ಗೂಟ, ಎಡಗೈಯಿಂದ ಕಲ್ಲಿನ ಬಾಯಿಗೆ ಹಿಡಿಹಿಡಿ ಕಾಳು. ಬೀಸುವ ಹೆಂಗಸರು ತಮ್ಮ ಮಕ್ಕಳನ್ನು ಹಾಗೆಯೇ ಮಲಗಿಸುತ್ತಿದ್ದರು. ಅವಳು ಒಡತಿಯ ಮಗಳನ್ನೂ ಹಾಗೆಯೇ ಮಲಗಿಸಿದಳು.

ತೊಟ್ಟಿಲು ಹೋಗಿ ಬರುತ್ತದೆ. ಹೋಗುವುದೂ ಬರುವುದೂ ಸಮ. ಬೀಸುಕಲ್ಲು ಸುತ್ತುತ್ತದೆ. ಸುತ್ತಿನ ಒಂದು ಭಾಗದಲ್ಲಿ ಗೂಟವನ್ನು ದೂಡಬೇಕು, ಇನ್ನೊಂದು ಭಾಗದಲ್ಲಿ ಮೈಗೆ ಎಳೆದುಕೊಳ್ಳಬೇಕು. ಎರಡರಲ್ಲಿ ಮೈಭಾರ ಒಂದೇ ಸಮನಾಗಿ ಬೀಳದು. ಅಧ್ಯಾಪಕಿಯ ಗುನುಗಿನಲ್ಲಿ ಪ್ರತಿ ಗಣದ ಮೊದಲಿಗೆ ಒಂದು ಸಣ್ಣ ಒತ್ತು ಇತ್ತು. ಜೋಗುಳಕ್ಕೆ ಇದೇಕೆಂದು ಅವರಿಗೇ ಸೋಜಿಗವಾಗಿತ್ತು. ಆ ಒತ್ತು ಕಲ್ಲಿನದಿರಬೇಕು. ಇದನ್ನು ಸಿದ್ಧಪಡಿಸಿ ತೋರಿಸುವುದು ಕಷ್ಟ. ಒತ್ತು ಹಾಡುವವರ ಸ್ವಭಾವದ್ದೂ ಆಗಬಹುದು. ಚಿಗವ್ವ ಅದನ್ನು ಕೇಳಿ ಗುರುತಿಸಿದ್ದೂ ಅಲ್ಲ. ಎರಡನೆಯ ಸಂದೇಶವನ್ನು ಹಚ್ಚಿಕೊಂಡು ಮೇಜಿನ ಮುಂದೆ ಕುಳಿತಾಗ ಅವರ ಬಲಗೈ ತಾನಾಗಿ ಮೇಜಿನ ಮೇಲೆ ದುಂಡಗೆ ತಿರುಗತೊಡಗಿತೆಂದೂ, ಮಾತು ಬಂದದ್ದು ಆಮೇಲೆಂದೂ ಮಗ ಬರೆದ. ಇಪ್ಪತ್ತರ ಹರೆಯದಲ್ಲಿ ಅವರೂ ಎದುರು ಕುಳಿತು ಅದೇ ಗೂಟಕ್ಕೆ ಕೈ ಹಾಕಿದ್ದವರು.

ಮಾತು ಬಂತು, ಆದರೆ ಕೂಸಿನ ಮಾತಲ್ಲ. ತವರಿನ ದಾರಿಯನ್ನು ನೋಡುವ ಒಬ್ಬ ಹೆಣ್ಣುಮಗಳು, ಬರಬೇಕಾದ ಅಣ್ಣ, ಬಾರದ ಬಂಡಿ. ಬೀಸುವ ಹಾಡುಗಳಲ್ಲಿ ಪದೇ ಪದೇ ಬರುವ ವಸ್ತು ಇದು. ಎರಡು ಸಾಲುಗಳನ್ನು ಚಿಗವ್ವ ತಡವರಿಸದೆ ಹಾಡಿದರು. ಮೂರನೆಯ ಸಾಲಿಗೆ ಬಂದಾಗ ಧಾಟಿ ಮಾತ್ರ ಮುಂದೆ ನಡೆಯಿತು. ಮತ್ತೆ ಮೊದಲಿನಿಂದ ಹಾಡಿದರು. ಮತ್ತೆ ಅಲ್ಲಿಗೇ ನಿಂತಿತು. "ಅಕಿ ಮರಾಠ್ಯಾಗೂ ಇದ ಧಾಟೀಲೆ ಹಾಡತಿದ್ಲು" ಎಂಬುದು ಆಮೇಲೆ ಬಂದ ಮಾತು.

ಈ ಕೊನೆಯ ಮಾತಿನಿಂದ ಎಲ್ಲಿಂದ ಬಂತೆಂಬ ಪ್ರಶ್ನೆ ಇನ್ನೊಂದು ಮನೆಗೆ ಹೊಕ್ಕಿತು. ಚಿಕ್ಕೋಡಿ, ನಿಪ್ಪಾಣಿಗಳ ಸೀಮೆಯಲ್ಲಿ ಒಂದೇ ಬಾಯಿ ಎರಡೂ ಭಾಷೆಗಳನ್ನು ಆಡುತ್ತದೆ. ಕನ್ನಡದ ಬೀಸುವ ಹಾಡಿಗೆ ತ್ರಿಪದಿ ಹೇಗೋ ಮರಾಠಿಯ ಬೀಸುವ ಹಾಡಿಗೆ ಓವಿ ಹಾಗೆ. ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಓವಿಯನ್ನು ಹಾಡುತ್ತಾರೆಂದು 12ನೆಯ ಶತಮಾನದಲ್ಲಿ ಬರೆದಿಟ್ಟವನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ, ತನ್ನ ಮಾನಸೋಲ್ಲಾಸದಲ್ಲಿ. ಕನ್ನಡ ನೆಲದ ಅರಸನ ಸಂಸ್ಕೃತ ಗ್ರಂಥದಲ್ಲಿ ಮರಾಠಿ ಹೆಂಗಸಿನ ಒನಕೆಯ ಹಾಡಿಗೆ ಸ್ಥಳ ದೊರೆತದ್ದು ಆ ಸೀಮೆಯ ಸ್ವಭಾವಕ್ಕೆ ತಕ್ಕುದಾಗಿದೆ. ಒಂದು ಧಾಟಿ ಎರಡು ಭಾಷೆಗಳ ಮಾತನ್ನು ಹೊತ್ತಾಗ ಅದು ಮೊದಲು ಯಾವ ಭಾಷೆಯದೆಂದು ಕೇಳುವುದಕ್ಕಿಂತ, ಯಾವ ಕೆಲಸದ್ದೆಂದು ಕೇಳುವುದು ಹೆಚ್ಚು ಫಲಕಾರಿ. ಕಲ್ಲು ಎರಡೂ ಕಡೆ ಒಂದೇ ತೆರನಾಗಿ ಸುತ್ತುತ್ತದೆ.

ಈ ಧಾಟಿಯನ್ನು ಪುಸ್ತಕಗಳಲ್ಲಿ ಹುಡುಕುವ ದಾರಿ ಇದೆಯೇ? ಹಲಸಂಗಿಯ ಗೆಳೆಯರು ಸಂಗ್ರಹಿಸಿದ "ಗರತಿಯ ಹಾಡು" 1931ರಲ್ಲಿ ಪ್ರಕಟವಾಯಿತು. ಬೀಸುವಾಗ, ಕುಟ್ಟುವಾಗ ಹಾಡಿದ ತ್ರಿಪದಿಗಳು ವಿದ್ವಾಂಸರ ಮೇಜಿಗೆ ಬಂದದ್ದು ಅಂಥ ಸಂಗ್ರಹಗಳಿಂದ. ಅವರ ಶ್ರಮಕ್ಕೆ ಕನ್ನಡ ಋಣಿ. ಆದರೆ ಅಚ್ಚಿನಲ್ಲಿ ಉಳಿದದ್ದು ಮಾತು. ಧಾಟಿ ಹಾಡಿದವರ ಗಂಟಲಿನಲ್ಲಿಯೇ ಉಳಿಯಿತು. ಪುನರಾವೃತ್ತಿಯನ್ನು ಬಿಟ್ಟು ಶುದ್ಧ ಮೂರು ಸಾಲುಗಳಾಗಿ ಅಚ್ಚಾದ ತ್ರಿಪದಿಯನ್ನು ಓದಿದವರಿಗೆ ನಾಲ್ಕು-ಎರಡು-ನಾಲ್ಕು-ಮೂರರ ಲೆಕ್ಕ ಹೊಳೆಯುವುದೇ ಕಷ್ಟ. ಗಡಿಯಾಚೆ ಗೀ ಪ್ವಾತ್ವಾಂ ಹಾಗೂ ಹೇಮಾ ರಾಯ್ರ್‌ಕರ್ ಅವರು ಬೀಸುವ ಓವಿಗಳನ್ನು ಲಕ್ಷಕ್ಕೂ ಮಿಗಿಲಾಗಿ ಕೂಡಿಸಿದ ಕಾರ್ಯದಲ್ಲಿ ಧ್ವನಿಮುದ್ರಣವೂ ನಡೆಯಿತು. ಅಲ್ಲಿ ಹಾಡಿದವಳ ಹೆಸರು, ಊರು, ಧ್ವನಿ ಮೂರನ್ನೂ ಒಟ್ಟಿಗೆ ಪಡೆಯಬಹುದು. ಚಿಕ್ಕೋಡಿಯ ಆ ಮನೆಯ ಕಲ್ಲಿನ ಮುಂದೆ ಯಾವ ಯಂತ್ರವೂ ಇರಲಿಲ್ಲ. ಇದ್ದದ್ದು ತೊಡೆಯ ಮೇಲಿನ ಒಂದು ಕೂಸು.

ಕೆಲವು ವರ್ಷಗಳಲ್ಲಿ ಊರಿಗೆ ಗಿರಣಿ ಬಂತು. ಬೀಸುವ ಕೆಲಸ ನಿಂತಿತು, ಅದರೊಡನೆ ಹಾಡುವ ಹೊತ್ತೂ ನಿಂತಿತು. ಅಷ್ಟರಲ್ಲಿ ಗುಣಮುಖರಾಗಿದ್ದ ತಾಯಿ, ಕೂಸು ಬೇರೆ ಯಾವ ಹಾಡಿಗೂ ಮಲಗದಿದ್ದುದರಿಂದ, ಅದೇ ಧಾಟಿಯನ್ನು ಮಾತಿಲ್ಲದೆ ಗುನುಗುವುದನ್ನು ಕಲಿತರಂತೆ. "ನಿಮ್ಮ ಅವ್ವಗ ಆ ಮಾತು ಬರತಿರಲಿಲ್ಲ, ಧಾಟಿ ಅಷ್ಟ ಹಿಡದಿದ್ಲು." ಹಾಗಾದರೆ ಅಧ್ಯಾಪಕಿ ಮರೆತ ಮಾತು ಎಂಬುದೇ ಇರಲಿಲ್ಲ. ಅವರಿಗೆ ದಾಟಿದ್ದೇ ಮಾತಿಲ್ಲದ ಹಾಡು.

ಬೀಸುವವಳ ಹೆಸರೇನೆಂದು ಅವರು ಕೇಳಿ ಕಳಿಸಿದರು. ಚಿಗವ್ವ ಬಹಳ ಹೊತ್ತು ಯೋಚಿಸಿದರು. ಅವಳಿಗೆ ಮನೆಯಲ್ಲಿ ಎಲ್ಲರೂ "ಬೀಸಾಕಿ" ಅನ್ನುತ್ತಿದ್ದರು. ಅವಳ ಊರು ನದಿಯ ಆಚೆ. ಎರಡು ಮಕ್ಕಳಿದ್ದರು. ಹೆಸರು ಯಾರೂ ಹಿಡಿದು ಕರೆದದ್ದಿಲ್ಲ. "ಕೇಳಬೇಕಿತ್ತು ನೋಡ" ಎಂದು ಮೂರು ಸಲ ಹೇಳಿ, ಆ ಸಂದೇಶವನ್ನು ನಿಲ್ಲಿಸುವುದನ್ನು ಮರೆತು, ಫೋನನ್ನು ಹಾಗೆಯೇ ಮೇಜಿನ ಮೇಲೆ ಇಟ್ಟರು. ಬಳಿಕದ ಎರಡು ನಿಮಿಷ ಬರಿಯ ಅಂಗೈ ಮರದ ಮೇಲೆ ಸುತ್ತುವ ಸದ್ದು ಇದೆ.

ತೊಟ್ಟಿಲ ಶಾಸ್ತ್ರದ ದಿನ ವಹಿಯಲ್ಲಿದ್ದ ಆದಿನಾಥನ ಜೋಗುಳವನ್ನು ಓಣಿಯ ಹೆಂಗಸರು ತಮಗೆ ತಿಳಿದ ಒಂದು ಧಾಟಿಯಲ್ಲಿ ಹಾಡಿದರು. ಜನ ಹೋದ ಮೇಲೆ ಕೂಸು ಅಳತೊಡಗಿತು. ಅಧ್ಯಾಪಕಿ ಅದನ್ನು ತೊಟ್ಟಿಲಿನಿಂದ ಎತ್ತಿಕೊಂಡು, ನೆಲದ ಮೇಲೆ ಒಂದು ಕಾಲು ಚಾಚಿ, ಒಂದು ಕಾಲು ಮಡಿಸಿ ಕುಳಿತು, ತೊಡೆಯ ಮೇಲೆ ಮಲಗಿಸಿಕೊಂಡರು. ಎರಡು ಸಾಲು ಮಾತಿನಲ್ಲಿ ಹಾಡಿ, ಮೂರನೆಯದನ್ನು ಗುನುಗಿದರು.

ವಹಿಯ ಕೊನೆಯ ಖಾಲಿ ಹಾಳೆಯಲ್ಲಿ ಈಗ ಆ ಎರಡು ಸಾಲುಗಳಿವೆ. ಮೂರನೆಯದಕ್ಕೆ ಜಾಗ ಬಿಟ್ಟಿದೆ. ತಲೆಯ ಮೇಲೆ, ತಾಯಿ ಬರೆಯುತ್ತಿದ್ದ ಕ್ರಮದಲ್ಲಿಯೇ, "ಬೀಸುವ ಪದದ ಮಟ್ಟು" ಎಂದು ಬರೆದಿದೆ. ಅದರ ಕೆಳಗೆ "ಹಾಡಿದವರು" ಎಂದು ಬರೆದು ಅಧ್ಯಾಪಕಿ ಒಂದು ಅಡ್ಡಗೆರೆ ಎಳೆದಿದ್ದಾರೆ. ನದಿಯ ಆಚೆಯ ಊರುಗಳಲ್ಲಿ ಪರಿಚಯದವರು ಯಾರಿದ್ದಾರೆಂದು ವಿಚಾರಿಸುತ್ತಿದ್ದಾರೆ.